ಸೆಸ್ ಅಂತ ಹೆಸರಿಟ್ಟ ಮಾತ್ರಕ್ಕೆ ಏನೂ ತೀರ್ಮಾನ ಆಗಲ್ಲ

ಪ್ರಶ್ನೆ: ಸರ್, ತೆರಿಗೆ, ಶುಲ್ಕ, ಸೆಸ್ ಮೂರರ ವ್ಯಾಖ್ಯೆಯೂ ಬಾಯಿಪಾಠ ಇದೆ. ಆದರೆ ಪೇಪರಲ್ಲಿ ಒಂದು ಕಥೆ ಕೊಟ್ಟು ‘ಈ ವಸೂಲಿ ಸಂವಿಧಾನಬದ್ಧವೇ?’ ಅಂತ ಕೇಳಿದರೆ ಎಲ್ಲಿಂದ ಶುರು ಮಾಡಬೇಕು ಗೊತ್ತಾಗಲ್ಲ. ಶುಲ್ಕಕ್ಕೆ ಪ್ರತಿಯಾಗಿ ಸೇವೆ ಇರಲೇಬೇಕು ಅಂತ ಒಂದು ಗೈಡ್ ಹೇಳುತ್ತೆ, ಬೇಕಿಲ್ಲ ಅಂತ ಇನ್ನೊಂದು ಹೇಳುತ್ತೆ. ಯಾವುದನ್ನು ಬರೆಯಲಿ?

ಉತ್ತರ: ಎರಡು ಗೈಡೂ ಅರ್ಧರ್ಧ ಸರಿ. ಆದರೆ ನಿಮ್ಮ ತೊಂದರೆ ಅಲ್ಲಿಲ್ಲ. ಈ ವ್ಯತ್ಯಾಸವನ್ನು ಪರೀಕ್ಷೆಯಲ್ಲಿ ಯಾಕೆ ಕೇಳುತ್ತಾರೆ ಅನ್ನೋದು ಮೊದಲು ತಲೆಗೆ ಹೋಗಬೇಕು. ವ್ಯಾಖ್ಯೆ ಗೊತ್ತಿದೆಯಾ ಅಂತ ನೋಡೋಕೆ ಕೇಳುವುದಲ್ಲ. ಈ ಕಾನೂನು ಮಾಡುವ ಅಧಿಕಾರ ಈ ಶಾಸನಸಭೆಗೆ ಇತ್ತಾ, ಅದನ್ನು ಕಂಡುಹಿಡಿಯಿರಿ ಅಂತ ಕೇಳುವುದು. ತೆರಿಗೆಯೋ ಶುಲ್ಕವೋ ಅನ್ನೋದು ಅದಕ್ಕೆ ಬೇಕಾದ ಒಂದು ಮೆಟ್ಟಿಲು, ಅಷ್ಟೇ.

ಯಾವ ವಿಷಯದ ಮೇಲೆ ಕೇಂದ್ರ, ಯಾವುದರ ಮೇಲೆ ರಾಜ್ಯ, ಯಾವುದರ ಮೇಲೆ ಇಬ್ಬರೂ ಕಾನೂನು ಮಾಡಬಹುದು ಅಂತ ಮೂರು ಪಟ್ಟಿ ಮಾಡಿರುವ ಸಂವಿಧಾನದ ಏಳನೇ ಅನುಸೂಚಿಯನ್ನು ಒಮ್ಮೆ ತೆರೆದಿಟ್ಟುಕೊಳ್ಳಿ. ರಾಜ್ಯ ಪಟ್ಟಿಯಲ್ಲಿ 45ರಿಂದ 63ರವರೆಗಿನ ನಮೂದುಗಳು ತೆರಿಗೆಯವು (ನಡುವೆ ಕೆಲವನ್ನು ತೆಗೆದುಹಾಕಿದ್ದಾರೆ). ಭೂಮಿ ಮತ್ತು ಕಟ್ಟಡಕ್ಕೆ 49, ವಾಹನಕ್ಕೆ 57, ವೃತ್ತಿಗೆ 60, ಹೀಗೆ ಒಂದೊಂದಕ್ಕೂ ಒಂದೊಂದು ಜಾಗ. ಪಟ್ಟಿಯಲ್ಲಿ ಜಾಗ ಇಲ್ಲದ ತೆರಿಗೆಯನ್ನು ರಾಜ್ಯ ಹಾಕುವಂತಿಲ್ಲ. ಜಾಗ ಸಿಗದಿದ್ದರೆ ಅದು ಕೇಂದ್ರದ 97ನೇ ನಮೂದಿಗೆ, ಅಂದರೆ ಉಳಿಕೆ ಅಧಿಕಾರಕ್ಕೆ ಹೋಗುತ್ತೆ. ಶುಲ್ಕದ ಕಥೆ ಬೇರೆ. 66ನೇ ನಮೂದು ನೋಡಿ: ಈ ಪಟ್ಟಿಯ ಯಾವುದೇ ವಿಷಯಕ್ಕೆ ಶುಲ್ಕ ಹಾಕಬಹುದು, ನ್ಯಾಯಾಲಯದ ಶುಲ್ಕ ಬಿಟ್ಟು. ಕೇಂದ್ರ ಪಟ್ಟಿಯಲ್ಲಿ ಇದೇ ಕೆಲಸಕ್ಕೆ 96, ಸಮವರ್ತಿ ಪಟ್ಟಿಯಲ್ಲಿ 47. ಅಂದರೆ ವಿಷಯದ ಮೇಲೆ ಕಾನೂನು ಮಾಡುವ ಅಧಿಕಾರ ಇದ್ದರೆ ಶುಲ್ಕದ ಅಧಿಕಾರ ಅದರ ಹಿಂದೆಯೇ ಬರುತ್ತೆ, ತೆರಿಗೆಯ ಅಧಿಕಾರ ಹಾಗೆ ಬರಲ್ಲ. ಸಾರ್ವಜನಿಕ ಆರೋಗ್ಯ ರಾಜ್ಯದ ವಿಷಯ ಅಂದಾಕ್ಷಣ ‘ಆರೋಗ್ಯ ತೆರಿಗೆ’ ಅಂತ ಹೊಸದೊಂದನ್ನು ರಾಜ್ಯ ಹುಟ್ಟಿಸೋಕಾಗಲ್ಲ. ಸಮವರ್ತಿ ಪಟ್ಟಿಯಲ್ಲಂತೂ ತೆರಿಗೆ ಹಾಕುವ ಅಧಿಕಾರ ಕೊಡುವ ನಮೂದೇ ಇಲ್ಲ. ಇದನ್ನು ಮಾರ್ಜಿನ್‌ನಲ್ಲಿ ಬರೆದುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಗೊತ್ತಾಯ್ತಲ್ಲ, ಸರ್ಕಾರಗಳಿಗೆ ‘ಇದು ಶುಲ್ಕ’ ಅಂತ ವಾದಿಸೋಕೆ ಯಾಕಷ್ಟು ಆಸೆ ಅಂತ.

ಇದು ನಿಜಕ್ಕೂ ನಡೆದದ್ದನ್ನು ನೋಡಬೇಕು ಅಂದರೆ ದೂರ ಹೋಗಬೇಕಿಲ್ಲ, ಉಡುಪಿಗೆ ಬಂದರೆ ಸಾಕು. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. ಮದ್ರಾಸಿನ 1951ರ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯ 76ನೇ ಕಲಂ ಪ್ರಕಾರ ಪ್ರತಿ ಧಾರ್ಮಿಕ ಸಂಸ್ಥೆಯೂ ತನ್ನ ಆದಾಯದ ಶೇ 5ರ ಮಿತಿಯೊಳಗೆ ಸರ್ಕಾರ ಗೊತ್ತುಮಾಡಿದಷ್ಟನ್ನು ವರ್ಷವರ್ಷ ‘ವಂತಿಗೆ’ ಅಂತ ಕಟ್ಟಬೇಕಿತ್ತು. ಸರ್ಕಾರ ಮತ್ತು ಅದರ ಅಧಿಕಾರಿಗಳು ಸಲ್ಲಿಸುವ ಸೇವೆಗಾಗಿ ಅಂತ ಆ ಕಲಮಿನಲ್ಲೇ ಬರೆದಿತ್ತು. ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿ ಬರೆದ ತೀರ್ಪೇ ನೀವು ಬಾಯಿಪಾಠ ಮಾಡಿರುವ ವ್ಯಾಖ್ಯೆಗಳ ಮೂಲ. ತೆರಿಗೆ ಅಂದರೆ ಸಾರ್ವಜನಿಕ ಉದ್ದೇಶಕ್ಕೆ ಸಾರ್ವಜನಿಕ ಪ್ರಾಧಿಕಾರ ಕಡ್ಡಾಯವಾಗಿ ವಸೂಲು ಮಾಡುವ, ಕಾನೂನಿನ ಬಲದಿಂದ ಕಸಿಯಬಹುದಾದ, ಸೇವೆಗೆ ಪ್ರತಿಫಲ ಅಲ್ಲದ ಹಣ. ಈ ವ್ಯಾಖ್ಯೆಯನ್ನು ಆಸ್ಟ್ರೇಲಿಯಾದ ಮುಖ್ಯ ನ್ಯಾಯಮೂರ್ತಿ ಲೇಥಮ್ ಅವರ ತೀರ್ಪಿನಿಂದ ತೆಗೆದುಕೊಂಡದ್ದು.

ಆದರೆ ಕೇಸನ್ನು ಗೆಲ್ಲಿಸಿದ್ದು ವ್ಯಾಖ್ಯೆ ಅಲ್ಲ, ಲೆಕ್ಕ. ಮಠಗಳು ಕಟ್ಟಿದ ಹಣ ನೇರ ರಾಜ್ಯದ ಸಂಚಿತ ನಿಧಿಗೆ ಹೋಗುತ್ತಿತ್ತು. ಇಲಾಖೆಯ ಖರ್ಚು ಆ ಹಣದಿಂದ ಅಂತ ಅಲ್ಲ, ಸಾಮಾನ್ಯ ಆದಾಯದಿಂದ ನಡೆಯುತ್ತಿತ್ತು. ಎಷ್ಟು ಖರ್ಚಾಗುತ್ತೆ, ಅದಕ್ಕೆ ಎಷ್ಟು ವಸೂಲು ಮಾಡುತ್ತಿದ್ದೇವೆ ಅನ್ನೋ ನಂಟೇ ಕಾಯ್ದೆಯಲ್ಲಿ ಇರಲಿಲ್ಲ. ಹಾಗಾಗಿ ‘ಸೇವೆಗಾಗಿ’ ಅಂತ ಬಾಯಲ್ಲಿ ಹೇಳಿದರೂ ಇದು ತೆರಿಗೆ ಅಂತ ಕೋರ್ಟ್ ಹೇಳಿತು. ಮಠದ ಆದಾಯದ ಮೇಲೆ ಹೀಗೊಂದು ತೆರಿಗೆ ಹಾಕೋಕೆ ರಾಜ್ಯ ಪಟ್ಟಿಯಲ್ಲಿ ಜಾಗ ಇರಲಿಲ್ಲ. 76(1) ಬಿದ್ದುಹೋಯಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ತಪ್ಪು ಬರೆಯುತ್ತಾರೆ. ಮೌಲ್ಯಮಾಪನದಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ‘27ನೇ ವಿಧಿಯನ್ನು ಉಲ್ಲಂಘಿಸಿದ್ದರಿಂದ ಕಲಂ ರದ್ದಾಯಿತು’ ಅಂತ ಬರೆಯುತ್ತಾರೆ. ಅಲ್ಲ. ಒಂದು ಧರ್ಮದ ಪೋಷಣೆಗಾಗಿ ಮೀಸಲಿಟ್ಟ ತೆರಿಗೆ ಕಟ್ಟುವಂತೆ ಯಾರನ್ನೂ ಒತ್ತಾಯಿಸಬಾರದು ಅನ್ನೋದು ಆ ವಿಧಿ. ಇಲ್ಲಿ ಹಣದ ಉದ್ದೇಶ ಧರ್ಮದ ಪೋಷಣೆ ಅಲ್ಲ, ದತ್ತಿಗಳ ಆಡಳಿತ ನೆಟ್ಟಗೆ ನಡೆಯಲಿ ಅಂತ ನೋಡಿಕೊಳ್ಳೋದು, ಆದ್ದರಿಂದ 27 ಅಡ್ಡ ಬರಲ್ಲ ಅಂತ ಕೋರ್ಟ್ ಹೇಳಿತ್ತು. ಕಲಂ ಬಿದ್ದದ್ದು ರಾಜ್ಯಕ್ಕೆ ಅಧಿಕಾರ ಇಲ್ಲ ಅನ್ನೋ ಒಂದೇ ಕಾರಣಕ್ಕೆ.

ಈ ಕಥೆಯ ಎರಡನೇ ಭಾಗವನ್ನು ಗೈಡ್‌ಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ, ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತೆ. ತೀರ್ಪು ಬಂದ ವರ್ಷವೇ ಮದ್ರಾಸ್ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ವಂತಿಗೆಯ ಹಣಕ್ಕೆ ಬೇರೆ ನಿಧಿ ಮಾಡಿತು, ಇಲಾಖೆಯ ಖರ್ಚು ಆ ನಿಧಿಯಿಂದಲೇ ಆಗಬೇಕು ಅಂತ ಬರೆಯಿತು. ರಾಜ್ಯಗಳ ಪುನರ್ವಿಂಗಡಣೆ ಆಗಿ ದಕ್ಷಿಣ ಕನ್ನಡ ಮೈಸೂರಿಗೆ ಸೇರಿದ ಮೇಲೆ ಅದೇ ವಂತಿಗೆ ಮತ್ತೆ ಸುಪ್ರೀಂ ಕೋರ್ಟ್ ಮುಟ್ಟಿತು. 1963ರ ಸುಧೀಂದ್ರ ತೀರ್ಥ ಸ್ವಾಮಿಯಾರ್ ಪ್ರಕರಣ ಅದು. ಈ ಸಲ ಕೋರ್ಟ್ ಅದನ್ನು ಶುಲ್ಕ ಅಂತ ಒಪ್ಪಿತು. ವಸೂಲಿಯಲ್ಲಿ ಬಲವಂತ ಇದೆ ಅಂದಮಾತ್ರಕ್ಕೆ ಶುಲ್ಕ ತೆರಿಗೆಯಾಗಲ್ಲ, ಕಟ್ಟಿದ ಒಬ್ಬೊಬ್ಬನಿಗೂ ಅವನು ಕಟ್ಟಿದಷ್ಟಕ್ಕೆ ನೇರವಾಗಿ ಸೇವೆ ಸಿಗಬೇಕು ಅಂತಲೂ ಇಲ್ಲ ಅಂದಿತು. ಹಣ ಸಂಚಿತ ನಿಧಿಗೆ ಹೋಯಿತಾ ಇಲ್ಲವಾ ಅನ್ನೋದೊಂದೇ ತೀರ್ಮಾನ ಮಾಡಲ್ಲ ಅಂತಲೂ ಸೇರಿಸಿತು. ಅದು ಸರಿಯೇ, 266ನೇ ವಿಧಿ ಪ್ರಕಾರ ಸರ್ಕಾರಕ್ಕೆ ಬಂದ ಆದಾಯವೆಲ್ಲ ಹೇಗೂ ಅಲ್ಲಿಗೇ ಹೋಗಬೇಕಲ್ವಾ. ಕಟ್ಟುವವರು ಅದೇ ಸಂಸ್ಥೆಗಳು, ಕೆಲಸ ಮಾಡುವ ಇಲಾಖೆ ಅದೇ. ಬದಲಾಗಿದ್ದು ವಸೂಲಿಗೂ ಖರ್ಚಿಗೂ ಇರುವ ನಂಟು.

ಇನ್ನು ನಿಮ್ಮ ಎರಡು ಗೈಡ್‌ಗಳ ಜಗಳ. ಪ್ರತಿಯಾಗಿ ಸೇವೆ ಬೇಕು ಅನ್ನುವ ನಿಯಮ ಹೋಗಿಲ್ಲ, ಸಡಿಲವಾಗಿದೆ. 1980ರ ಕೇವಲ್ ಕೃಷ್ಣ ಪುರಿ ಪ್ರಕರಣದಲ್ಲಿ ಪಂಜಾಬ್, ಹರಿಯಾಣದ ಕೃಷಿ ಮಾರುಕಟ್ಟೆ ಶುಲ್ಕವನ್ನು ನೂರಕ್ಕೆ 2 ರೂಪಾಯಿಯಿಂದ 3ಕ್ಕೆ ಏರಿಸಿದ್ದನ್ನು ಕೋರ್ಟ್ ಒಪ್ಪಲಿಲ್ಲ. ವಸೂಲಾದದ್ದರಲ್ಲಿ ದೊಡ್ಡ ಪಾಲು, ಮೂರನೇ ಎರಡು ಅಥವಾ ನಾಲ್ಕನೇ ಮೂರು ಅಂತಿಟ್ಟುಕೊಳ್ಳಿ, ಕಟ್ಟಿದವರ ಸೇವೆಗೆ ಹೋಗಿದೆ ಅಂತ ತೋರಿಸಬೇಕು ಅಂದಿತು. 2 ರೂಪಾಯಿವರೆಗೆ ಉಳಿಯಿತು, ಮೇಲಿನದು ಹೋಯಿತು. ಮೂರೇ ವರ್ಷ ಕಳೆದು 1983ರಲ್ಲಿ ಆಂಧ್ರದ ಶ್ರೀನಿವಾಸ ಜನರಲ್ ಟ್ರೇಡರ್ಸ್ ಪ್ರಕರಣದಲ್ಲಿ, ಅಷ್ಟು ಬಿಗಿಯಾಗಿ ಅಳೆಯೋದು ಬೇಡ, ಸ್ಥೂಲವಾದ ಸಂಬಂಧ ಇದ್ದರೆ ಸಾಕು ಅಂತ ಕೋರ್ಟೇ ಹೇಳಿತು. ಒಂದು ಗೈಡ್ ಮೊದಲನೆಯದನ್ನು ಓದಿದೆ, ಇನ್ನೊಂದು ಎರಡನೆಯದನ್ನು. ನೀವು ಬರೆಯಬೇಕಾದ್ದು ಇಷ್ಟು: ಸೇವೆಗೂ ಶುಲ್ಕಕ್ಕೂ ಪೈಸೆ ಪೈಸೆ ಲೆಕ್ಕ ಬೇಕಿಲ್ಲ, ಕಟ್ಟುವವರ ಗುಂಪಿಗೆ ಒಟ್ಟಾಗಿ ಪ್ರಯೋಜನ ಸಿಕ್ಕರೂ ಆಗುತ್ತೆ, ಆದರೆ ವಸೂಲಿ ಖರ್ಚನ್ನು ತೀರಾ ಮೀರಿ ಖಜಾನೆ ತುಂಬುವ ದಾರಿಯಾದರೆ ಅದು ಶುಲ್ಕವಾಗಿ ಉಳಿಯಲ್ಲ. ಲೈಸೆನ್ಸ್ ಶುಲ್ಕದಂಥ ನಿಯಂತ್ರಣದ ಶುಲ್ಕದಲ್ಲಿ ಇನ್ನೂ ಸಡಿಲ. ಹೋಟೆಲಿನವನಿಗೆ ಇನ್ಸ್‌ಪೆಕ್ಟರ್ ಬಂದು ಅಡುಗೆಮನೆ ತಪಾಸಣೆ ಮಾಡೋದನ್ನು ‘ಸೇವೆ’ ಅಂತ ಯಾರು ಕರೀತಾರೆ? ಅಲ್ಲಿ ಪ್ರತಿಸೇವೆ ಹುಡುಕಬೇಡಿ. ನಿಯಂತ್ರಣದ ಖರ್ಚಿಗೆ ಹೋಲಿಸಿದರೆ ಮೊತ್ತ ವಿಪರೀತವಾ ಅಂತ ಮಾತ್ರ ನೋಡಿ.

ಸೆಸ್ ವಿಷಯ. ಇದು ಮೂರನೇ ಜಾತಿ ಅಲ್ಲ. ಸಂವಿಧಾನ ಹಣ ವಸೂಲಿಯನ್ನು ತೆರಿಗೆ, ಶುಲ್ಕ, ಸೆಸ್ ಅಂತ ಮೂರು ಪಾಲು ಮಾಡಿಲ್ಲ. ಉದ್ದೇಶ ಇಂಥದ್ದು ಅಂತ ಮೊದಲೇ ಗೊತ್ತುಮಾಡಿ ಎತ್ತುವ ಹಣಕ್ಕೆ ಸೆಸ್ ಅನ್ನುತ್ತಾರೆ, ಒಳಗೆ ಅದು ತೆರಿಗೆಯೂ ಆಗಿರಬಹುದು, ಶುಲ್ಕವೂ ಆಗಿರಬಹುದು. ಆದಾಯ ತೆರಿಗೆಯ ಮೇಲೆ ಬೀಳುವ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ತೆರಿಗೆಯೇ. ಕಟ್ಟಿದವನಿಗೆ ಪ್ರತಿಯಾಗಿ ಏನೂ ಸಿಗಲ್ಲ, ಕೇಳುವಂತೆಯೂ ಇಲ್ಲ. ಒಡಿಶಾದಲ್ಲಿ ಗಣಿ ಪ್ರದೇಶದ ಅಭಿವೃದ್ಧಿ ನಿಧಿಗೆ ಅಂತ ಖನಿಜದ ಮೇಲೆ ಹಾಕಿದ್ದ ಸೆಸ್ಸನ್ನು 1961ರ ಹಿಂಗಿರ್-ರಾಂಪುರ್ ಪ್ರಕರಣದಲ್ಲಿ ಕೋರ್ಟ್ ಶುಲ್ಕ ಅಂದಿತು, ಯಾಕಂದ್ರೆ ಹಣ ಗಣಿ ಇರುವ ಜಾಗಕ್ಕೇ ಖರ್ಚಾಗಬೇಕಿತ್ತು. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಇನ್ನೂ ಕುತೂಹಲದ್ದು. ಕಟ್ಟುವವನು ಕಟ್ಟಡ ಕಟ್ಟಿಸುವವನು, ಪ್ರಯೋಜನ ಕಾರ್ಮಿಕನಿಗೆ. ಆದರೂ 2011ರಲ್ಲಿ ದಿವಾನ್ ಚಂದ್ ಬಿಲ್ಡರ್ಸ್ ಪ್ರಕರಣದಲ್ಲಿ ಅದನ್ನು ಶುಲ್ಕ ಅಂತಲೇ ಎತ್ತಿಹಿಡಿದರು. ಕಟ್ಟಿದವನಿಗೇ ಸೇವೆ ಸಿಗಬೇಕು ಅಂತ ಕಣ್ಣುಮುಚ್ಚಿ ಬರೆಯುವವರಿಗೆ ಈ ಪ್ರಕರಣ ಸರಿಯಾದ ಉತ್ತರ.

ನಮ್ಮ ಊರುಗಳ ಆಸ್ತಿ ತೆರಿಗೆ ರಸೀದಿ ಇದ್ದರೆ ಒಮ್ಮೆ ತೆಗೆದು ನೋಡಿ. ತೆರಿಗೆಯ ಕೆಳಗೆ ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಅಂತ ಸಾಲುಗಳಿರುತ್ತವೆ. ಗ್ರಂಥಾಲಯದ ಮೆಟ್ಟಿಲೇ ಹತ್ತದವನೂ ಕಟ್ಟುತ್ತಾನೆ. ಭಿಕ್ಷುಕರ ಪುನರ್ವಸತಿಗೆ ಹೋಗುವ ಹಣಕ್ಕೂ ಮನೆ ಮಾಲೀಕನಿಗೂ ಪ್ರತಿಫಲದ ಮಾತೇ ಇಲ್ಲ. ಅದು ಆಸ್ತಿ ತೆರಿಗೆಗೆ ಸೇರಿಸಿದ, ಉದ್ದೇಶಕ್ಕೆ ಮೀಸಲಾದ ತೆರಿಗೆ.

ಈಗ ಒಂದು ಪ್ರಶ್ನೆ ಬಿಡಿಸೋಣ. ನಾನೇ ಹೆಣೆದದ್ದು, ಆದರೆ ಪೇಪರಲ್ಲಿ ಬರೋದು ಹೆಚ್ಚುಕಡಿಮೆ ಹೀಗೇ. ರಾಜ್ಯವೊಂದು ‘ಟ್ಯೂಷನ್ ಕೇಂದ್ರ ಸುರಕ್ಷತಾ ಸೆಸ್ ಕಾಯ್ದೆ’ ಮಾಡುತ್ತೆ. ಪ್ರತಿ ಖಾಸಗಿ ಟ್ಯೂಷನ್ ಕೇಂದ್ರ, ಸೀಟು ತುಂಬಲಿ ಬಿಡಲಿ, ಮಂಜೂರಾದ ಸೀಟಿಗೆ ವರ್ಷಕ್ಕೆ 1,000 ರೂಪಾಯಿ ಕಟ್ಟಬೇಕು. ರಾಜ್ಯದಲ್ಲಿ 4 ಲಕ್ಷ ಸೀಟು, ಹಾಗಾಗಿ 40 ಕೋಟಿ ಬರುತ್ತೆ. ತಪಾಸಣೆಯ ಸಿಬ್ಬಂದಿ, ಬೆಂಕಿ ಸುರಕ್ಷತೆ ಪರಿಶೀಲನೆ, ದೂರು ಕೇಂದ್ರ ಎಲ್ಲ ಸೇರಿ ಖರ್ಚು 9 ಕೋಟಿ. ಉಳಿದ 31 ಕೋಟಿ ಸಾಮಾನ್ಯ ಖಜಾನೆಗೆ. 150 ಸೀಟಿನ ಒಬ್ಬ ಮಾಲೀಕ 1.5 ಲಕ್ಷದ ನೋಟಿಸ್ ಹಿಡಿದು ಹೈಕೋರ್ಟಿಗೆ ಹೋಗುತ್ತಾನೆ.

ಮೊದಲು ಹೆಸರನ್ನು ಪಕ್ಕಕ್ಕಿಡಿ. ಕಾಯ್ದೆ ಇದೆಯಾ? ಇದೆ, ಹಾಗಾಗಿ ಕಾನೂನಿನ ಅಧಿಕಾರ ಇಲ್ಲದೆ ತೆರಿಗೆ ಹಾಕುವಂತಿಲ್ಲ ಅನ್ನುವ 265ನೇ ವಿಧಿಯ ಮೊದಲ ಬಾಗಿಲು ದಾಟಿತು. ವಿಷಯ ಯಾವುದು? ಶಿಕ್ಷಣ, ಸಮವರ್ತಿ ಪಟ್ಟಿಯ 25. ಅಂದರೆ ಟ್ಯೂಷನ್ ಕೇಂದ್ರಗಳನ್ನು ನಿಯಂತ್ರಿಸುವ ಅಧಿಕಾರ ರಾಜ್ಯಕ್ಕಿದೆ, ಅದಕ್ಕೆ ಶುಲ್ಕ ಹಾಕುವ ಅಧಿಕಾರ ಅದೇ ಪಟ್ಟಿಯ 47ರಲ್ಲಿದೆ. ರಾಜ್ಯ ಖಂಡಿತ ಇದನ್ನೇ ಹಿಡಿಯುತ್ತೆ. ತಪಾಸಣೆಯ ಶುಲ್ಕ ಆದ್ದರಿಂದ ಪ್ರತಿಸೇವೆ ಬೇಕಿಲ್ಲ ಅಂತಲೂ ಹೇಳುತ್ತೆ. ಸರಿ, ಒಪ್ಪಿ. ಆದರೆ ಮೊತ್ತ? 40ರಲ್ಲಿ 9 ಅಂದರೆ ಕಾಲು ಭಾಗವೂ ಇಲ್ಲ. ಸ್ಥೂಲ ಸಂಬಂಧದ ಸಡಿಲ ಅಳತೆಗೂ ಇದು ನಿಲ್ಲಲ್ಲ. ಶುಲ್ಕದ ವಾದ ಇಲ್ಲಿಗೆ ಮುಗಿಯಿತು.

ನೂರಕ್ಕೆ ತೊಂಬತ್ತು ಜನ ಇಲ್ಲಿಗೇ ಪೆನ್ನು ಇಡುತ್ತಾರೆ, ‘ಆದ್ದರಿಂದ ಅಸಿಂಧು’ ಅಂತ. ಅರ್ಧ ಅಂಕ ಅಲ್ಲೇ ಹೋಯಿತು. ಶುಲ್ಕ ಆಗದಿದ್ದರೆ ತೆರಿಗೆಯಾಗಿ ನಿಲ್ಲುತ್ತಾ ಅಂತ ನೋಡಲೇಬೇಕು. 1965ರ ಲಿಬರ್ಟಿ ಸಿನಿಮಾ ಪ್ರಕರಣ ನೆನಪಿರಲಿ. ಕಲ್ಕತ್ತಾ ಕಾರ್ಪೊರೇಷನ್ ಸಿನಿಮಾ ಮಂದಿರದ ಲೈಸೆನ್ಸ್ ಶುಲ್ಕವನ್ನು ಸೀಟಿನ ಲೆಕ್ಕಕ್ಕೆ ಬದಲಾಯಿಸಿದಾಗ ವರ್ಷಕ್ಕೆ 400 ರೂಪಾಯಿ ಇದ್ದದ್ದು 6,000 ಆಯಿತು. ಸುಪ್ರೀಂ ಕೋರ್ಟ್ ಏನು ಹೇಳಿತು? ಕಾಯ್ದೆ ಶುಲ್ಕ ಅಂತ ಕರೆದರೂ ಇದು ತೆರಿಗೆ, ಮತ್ತು ತೆರಿಗೆಯಾಗಿ ಸಿಂಧು. ಹಾಗೇ 2021ರ ಜಲಕಲ್ ವಿಭಾಗ ಪ್ರಕರಣದಲ್ಲಿ, ಉತ್ತರ ಪ್ರದೇಶದ ನೀರಿನ ತೆರಿಗೆಯನ್ನು ನೀರಿನ ಸಂಪರ್ಕ ಇಲ್ಲದವರೂ ಕಟ್ಟಬೇಕು, ಅದು ಭೂಮಿ ಮತ್ತು ಕಟ್ಟಡದ ಮೇಲಿನ ತೆರಿಗೆ ಅಂತ ಎತ್ತಿಹಿಡಿದರು.

ನಮ್ಮ ಟ್ಯೂಷನ್ ಸೆಸ್ಸಿಗೆ ಅಂಥ ಜಾಗ ಸಿಗುತ್ತಾ? ಸಮವರ್ತಿ ಪಟ್ಟಿಯಲ್ಲಿ ತೆರಿಗೆ ಇಲ್ಲ, ಮೇಲೆ ಹೇಳಿದೆ. ರಾಜ್ಯ ಪಟ್ಟಿಯ 49? ಸೆಸ್ ಬೀಳುವುದು ಕಟ್ಟಡದ ಮೇಲೆ ಅಲ್ಲ, ಟ್ಯೂಷನ್ ಕೇಂದ್ರ ನಡೆಸುವ ಚಟುವಟಿಕೆಯ ಮೇಲೆ. ಬಾಡಿಗೆಗೆ ಕೊಟ್ಟ ಮಾಲೀಕನನ್ನು ಕಾಯ್ದೆ ಕೇಳುವುದೇ ಇಲ್ಲ. 246ಎ ಅಡಿ ಜಿಎಸ್‌ಟಿ ಅಂದರೆ? ಸೇವೆ ಪೂರೈಸಿದಾಗ ಬೀಳುವ ತೆರಿಗೆ ಅದು. ಇಲ್ಲಿ ಖಾಲಿ ಸೀಟಿಗೂ ಕಟ್ಟಬೇಕು, ಹಾಗಾಗಿ ಆ ವಾದ ಕೂರಲ್ಲ. ಉಳಿದದ್ದು 60, ವೃತ್ತಿ ತೆರಿಗೆ. ಇದು ಸ್ವಲ್ಪ ಹೊಂದುತ್ತೆ, ಟ್ಯೂಷನ್ ನಡೆಸೋದು ವೃತ್ತಿಯೇ ತಾನೆ. ಆದರೆ 276(2) ಅಡ್ಡ ನಿಂತಿದೆ: ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ 2,500 ರೂಪಾಯಿಗಿಂತ ಜಾಸ್ತಿ ವೃತ್ತಿ ತೆರಿಗೆ ಪಡೆಯುವಂತಿಲ್ಲ. ನೋಟಿಸ್ ಇರೋದು 1.5 ಲಕ್ಷಕ್ಕೆ. ಈ ಬಾಗಿಲೂ ಮುಚ್ಚಿತು. ಈಗ ಬರೆಯಿರಿ ಅಸಿಂಧು ಅಂತ, ಕಾರಣದ ಸಮೇತ: ಶುಲ್ಕವಾಗಿ ಮಿತಿ ಮೀರಿದೆ, ತೆರಿಗೆಯಾಗಿ ಅಧಿಕಾರ ಇಲ್ಲ.

ಪ್ರಶ್ನೆ ಮಾಡುವವರು ಇದೇ ಕಥೆಯಲ್ಲಿ ಒಂದೊಂದು ಸಂಗತಿ ಬದಲಾಯಿಸಿ (ಎ), (ಬಿ), (ಸಿ) ಅಂತ ಕೇಳುತ್ತಾರೆ. ದರ ಸೀಟಿಗೆ 250 ರೂಪಾಯಿ ಆದರೆ? ಬರೋದು 10 ಕೋಟಿ, ಖರ್ಚು 9. ಶುಲ್ಕವಾಗಿ ಸಿಂಧು, ಒಂದು ಕೋಟಿ ಉಳಿಯಿತು ಅಂತ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಮೂಲ ಕಾಯ್ದೆಯಲ್ಲಿ ಸೆಸ್ಸಿನ ಮಾತೇ ಇಲ್ಲದೆ, ನೋಂದಣಿ ಆಗಬೇಕು ಅಂತ ಮಾತ್ರ ಇದ್ದು, ಇಲಾಖೆ ಸುತ್ತೋಲೆ ಹೊರಡಿಸಿ 250 ವಸೂಲು ಮಾಡಿದರೆ? ಮೊತ್ತ ಎಷ್ಟು ನ್ಯಾಯವಾದರೂ ಬಿದ್ದುಹೋಗುತ್ತೆ. 265 ತೆರಿಗೆಗೆ ಮಾತ್ರ, ಶುಲ್ಕಕ್ಕೆ ಕಾನೂನು ಬೇಡ ಅಂದುಕೊಳ್ಳಬೇಡಿ. ಶುಲ್ಕಕ್ಕೂ ಕಾಯ್ದೆಯಲ್ಲಿ ಸ್ಪಷ್ಟ ಅಧಿಕಾರ ಬೇಕು ಅಂತ 1992ರ ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ ಪ್ರಕರಣ ಹೇಳಿದೆ. ಕಾಯ್ದೆಯಲ್ಲಿ ವಸೂಲಿ ಇದೆ, ದರ ಮಾತ್ರ ನಿಯಮದಲ್ಲಿ ಬರಲಿ ಅಂತ ಬಿಟ್ಟಿದ್ದರೆ? ಅದು ನಡೆಯುತ್ತೆ, ದರ ಹೇಗೆ ನಿಗದಿಪಡಿಸಬೇಕು ಅನ್ನೋಕೆ ಕಾಯ್ದೆಯಲ್ಲಿ ಏನಾದರೂ ದಿಕ್ಕು ಇದ್ದರೆ ಸಾಕು. ಯಾರು ಕಟ್ಟಬೇಕು, ಯಾವುದಕ್ಕೆ ಕಟ್ಟಬೇಕು ಅನ್ನೋದನ್ನೂ ಅಧಿಕಾರಿಗೆ ಬಿಟ್ಟರೆ ಮಾತ್ರ ಕಷ್ಟ.

ಸೆಸ್ ಹಾಕಿದ್ದು ಸಂಸತ್ತಾದರೆ ಪ್ರಶ್ನೆಯ ರೂಪವೇ ಬದಲಾಗುತ್ತೆ. ಕೇಂದ್ರಕ್ಕೆ 97 ಇರೋದರಿಂದ ಅಧಿಕಾರ ಇಲ್ಲ ಅಂತ ವಾದಿಸೋದು ಕಷ್ಟ, ಆ ತೆರಿಗೆ ರಾಜ್ಯ ಪಟ್ಟಿಯಲ್ಲಿ ಇದ್ದರೆ ಮಾತ್ರ ದಾರಿ. ಅಲ್ಲಿ ಸಾಮಾನ್ಯವಾಗಿ ಕೇಳೋದು 270ನೇ ವಿಧಿ: ನಿರ್ದಿಷ್ಟ ಉದ್ದೇಶದ ಸೆಸ್ಸನ್ನೂ 271ರ ಸರ್ಚಾರ್ಜನ್ನೂ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ. ಸೆಸ್ಸಿಗೆ ಉದ್ದೇಶ ಇರುತ್ತೆ, ಸರ್ಚಾರ್ಜಿಗೆ ಬೇಕಿಲ್ಲ. ಜಿಎಸ್‌ಟಿ ಪರಿಹಾರ ಸೆಸ್ಸನ್ನು 2018ರ ಮೋಹಿತ್ ಮಿನರಲ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದ್ದಾರೆ, ಅದೇ ಹೆಸರಿನ 2022ರ ಸಮುದ್ರ ಸಾಗಣೆಯ ತೀರ್ಪು ಬೇರೆ, ಎರಡನ್ನೂ ಕಲಸಬೇಡಿ.

ಕೊನೆಗೆ ನಿಮ್ಮ ಗೈಡ್‌ನ ಮುದ್ರಣದ ವರ್ಷ ನೋಡಿ. ಖನಿಜ ತೆಗೆಯೋಕೆ ಗಣಿ ಗುತ್ತಿಗೆದಾರ ಕಟ್ಟುವ ರಾಯಧನವೂ ಒಂದು ತೆರಿಗೆ, ಅದರ ಮೇಲೆ ರಾಜ್ಯ ಸೆಸ್ ಹಾಕುವಂತಿಲ್ಲ ಅಂತ 1990ರ ಇಂಡಿಯಾ ಸಿಮೆಂಟ್ ತೀರ್ಪನ್ನು ಹಿಡಿದು ಬರೆದಿದ್ದರೆ ಆ ಪುಟಕ್ಕೆ ಅಡ್ಡಗೆರೆ ಎಳೆಯಿರಿ. 2024ರ ಜುಲೈ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 8:1ರಲ್ಲಿ ಅದನ್ನು ತಳ್ಳಿಹಾಕಿತು. ರಾಯಧನ ತೆರಿಗೆ ಅಲ್ಲ, ಗಣಿ ಗುತ್ತಿಗೆಯ ಪ್ರತಿಫಲ. ಖನಿಜ ಇರುವ ಭೂಮಿಯ ಮೇಲೆ 49ರ ಅಡಿ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿದೆ. ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪೇಪರಲ್ಲಿ ‘ರಾಯಧನದ ಮೇಲೆ ಸೆಸ್’ ಅಂತ ಕಂಡರೆ ಹಳೇ ಉತ್ತರ ಬರೆಯಬೇಡಿ, ಹಾಗಂತ ರಾಜ್ಯ ಏನು ಬೇಕಾದರೂ ಹಾಕಬಹುದು ಅಂತಲೂ ಬರೆಯಬೇಡಿ. ಖನಿಜದ ಹಕ್ಕಿನ ಮೇಲಿನ ತೆರಿಗೆಗೆ 50ನೇ ನಮೂದಿನಲ್ಲಿ ಸಂಸತ್ತು ಕಾನೂನು ಮಾಡಿ ಮಿತಿ ಹೇರಬಹುದು ಅನ್ನೋ ಷರತ್ತು ಈಗಲೂ ಹಾಗೇ ಇದೆ.